ಒಂದು ಟ್ರಸ್ಟ್, ಎರಡು ನೋಟಿಸ್: ಆಡಿಟ್ ವರದಿ ತಡವಾದಾಗ ನಾವು ಉತ್ತರ ಕೊಟ್ಟ ಬಗೆ

ಗ್ರಾಮೀಣ ಮಕ್ಕಳಿಗೆ ಉಚಿತ ಹಾಸ್ಟೆಲ್ ನಡೆಸುವ ಟ್ರಸ್ಟ್ ಇದು. ವರ್ಷದ ಆದಾಯ 42 ಲಕ್ಷ ರೂಪಾಯಿ, ವಿದೇಶಿ ದೇಣಿಗೆ ಇಲ್ಲ. ಹೀಗಾಗಿ ಆದಾಯ ತೆರಿಗೆ ಇಲಾಖೆಗೆ ಆಡಿಟ್ ವರದಿ ಫಾರಂ 10ಬಿಬಿಯಲ್ಲಿ ಹೋಗಬೇಕಿತ್ತು. ವಿನಾಯಿತಿ ಲೆಕ್ಕ ಹಾಕುವ ಮೊದಲಿನ ಆದಾಯ 5 ಕೋಟಿ ದಾಟಿದರೆ, ವಿದೇಶಿ ದೇಣಿಗೆ ಬಂದಿದ್ದರೆ ಅಥವಾ ದೇಶದ ಹೊರಗೆ ಖರ್ಚು ಮಾಡಿದ್ದರೆ ಮಾತ್ರ 10ಬಿ. ತಪ್ಪು ಫಾರಂ ಹಾಕಿದರೆ ಸರಿಯಾದ ವರದಿ ಸಲ್ಲಿಸಿಯೇ ಇಲ್ಲ ಎಂಬ ಮಾತು ಬರುತ್ತದೆ. ಆದ್ದರಿಂದ ನೋಟಿಸ್ ಕೈಗೆ ಬಂದಾಗ ಮೊದಲು ನೋಡಿದ್ದು ಅದನ್ನೇ. ಫಾರಂ ಸರಿಯಿತ್ತು, ತಪ್ಪಿದ್ದು ದಿನಾಂಕ.

2023-24ರ ಲೆಕ್ಕಕ್ಕೆ ಆಡಿಟ್ ವರದಿಯ ಕೊನೆಯ ದಿನ 2024ರ ಸೆಪ್ಟೆಂಬರ್ 30 ಆಗಿತ್ತು, ಇಲಾಖೆ ಅದನ್ನು ಅಕ್ಟೋಬರ್ 7ಕ್ಕೆ ವಿಸ್ತರಿಸಿತ್ತು. ಆಡಿಟರು ಸೆಪ್ಟೆಂಬರ್ 28ಕ್ಕೆ ಸಹಿ ಹಾಕಿ, ಆ ವರದಿಯ ಗುರುತು ಸಂಖ್ಯೆಯಾದ ಯುಡಿಐಎನ್ ಪಡೆದು, ಅಕ್ಟೋಬರ್ 3ಕ್ಕೆ ಪೋರ್ಟಲ್‌ಗೆ ಏರಿಸಿದ್ದರು. ಆದರೆ ಆಡಿಟರು ಏರಿಸಿದ ಮಾತ್ರಕ್ಕೆ ವರದಿ ಸಲ್ಲಿಕೆಯಾಗುವುದಿಲ್ಲ. ಟ್ರಸ್ಟಿನ ಲಾಗಿನ್‌ನಲ್ಲಿ Worklist ತೆರೆದು, ಮ್ಯಾನೇಜಿಂಗ್ ಟ್ರಸ್ಟಿಯ ಡಿಜಿಟಲ್ ಸಹಿ, ಅಂದರೆ ಡಿಎಸ್‌ಸಿ, ಹಾಕಿ ಒಪ್ಪಿಗೆ ಕೊಟ್ಟ ದಿನವೇ ಸಲ್ಲಿಕೆಯ ದಿನ. ಸೆಪ್ಟೆಂಬರ್ 22ರ ಸಭೆಯಲ್ಲಿ ಮ್ಯಾನೇಜಿಂಗ್ ಟ್ರಸ್ಟಿ ಬದಲಾಗಿದ್ದರು. ಹೊಸಬರ ಪ್ಯಾನ್ ಮತ್ತು ಆಧಾರ್‌ನಲ್ಲಿ ಹೆಸರು ಹೊಂದದೆ ಡಿಎಸ್‌ಸಿ ಸಿಕ್ಕಿದ್ದು ನವೆಂಬರ್ 8ಕ್ಕೆ. ಒಪ್ಪಿಗೆ ಆದದ್ದು ನವೆಂಬರ್ 11ಕ್ಕೆ, ಅಂದರೆ 35 ದಿನ ತಡ. ಮರುದಿನವೇ ಟ್ರಸ್ಟಿನ ರಿಟರ್ನ್ ಐಟಿಆರ್-7 ಹೋಯಿತು. ಅದಕ್ಕೆ ನವೆಂಬರ್ 15ರವರೆಗೆ ಅವಕಾಶವಿದ್ದುದರಿಂದ ರಿಟರ್ನ್ ತಡವಾಗಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಕಲಂ 143(1)(ಎ) ಅಡಿ ರಿಟರ್ನಿನ ಲೆಕ್ಕದಲ್ಲಿ ಹೊಂದಾಣಿಕೆಯ ನೋಟಿಸ್ ಬಂತು: ಆಡಿಟ್ ವರದಿ ಅವಧಿಯೊಳಗೆ ಇಲ್ಲ, ಕಲಂ 11ರ ತೆರಿಗೆ ವಿನಾಯಿತಿ ಕೊಡಲಾಗದು, 30 ದಿನದಲ್ಲಿ ಉತ್ತರಿಸಿ. ನವೆಂಬರ್‌ನಲ್ಲಿ ವಿನಾಯಿತಿ ವಿಭಾಗದ ಆಯುಕ್ತರಿಂದ ಎರಡನೆಯದು: ನೋಂದಣಿ ನವೀಕರಣದ ಅರ್ಜಿಯ ಮೇಲೆ ಪ್ರಶ್ನಾವಳಿ. ಆ ವಿನಾಯಿತಿಗೆ ಬೇಕಾದ ಟ್ರಸ್ಟಿನ 12ಎಬಿ ನೋಂದಣಿ 2026ರ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಆರು ತಿಂಗಳು ಮೊದಲು, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ, ನವೀಕರಣದ ಫಾರಂ 10ಎಬಿ ಹಾಕಿಯಾಗಿತ್ತು.

ಈ ಎರಡನ್ನೂ ಒಂದೇ ಉತ್ತರದಲ್ಲಿ ಮುಗಿಸಲು ಹೋಗಬಾರದು. ರಿಟರ್ನ್ ಸಂಸ್ಕರಿಸುವ ಕೇಂದ್ರಕ್ಕೆ ವಿಳಂಬವನ್ನು ಮನ್ನಿಸುವ ಅಧಿಕಾರ ಇಲ್ಲ, ಅಲ್ಲಿ ಎಷ್ಟು ಚೆನ್ನಾಗಿ ಕಾರಣ ಬರೆದರೂ ಕೆಲಸ ಆಗದು. ಆ ಅಧಿಕಾರ ಕಲಂ 119(2)(ಬಿ) ಅಡಿ ಆಯುಕ್ತರದು. 2024ರ ನವೆಂಬರ್ 18ರ ಸುತ್ತೋಲೆ 16/2024ರ ಪ್ರಕಾರ 365 ದಿನದವರೆಗಿನ ವಿಳಂಬವನ್ನು ಆಯುಕ್ತರು ನೋಡುತ್ತಾರೆ, ಅದಕ್ಕೂ ಮೀರಿದ್ದನ್ನು ಮುಖ್ಯ ಆಯುಕ್ತರು; ಅರ್ಜಿ ಮಾತ್ರ ತೆರಿಗೆ ನಿರ್ಧಾರಣಾ ವರ್ಷ ಮುಗಿದ ಮೂರು ವರ್ಷದೊಳಗೆ ಹೋಗಿರಬೇಕು. ಹಾಗಾಗಿ ಮೊದಲು ಆಯುಕ್ತರಿಗೆ ಮನ್ನಾ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆವು. ಆಮೇಲೆ ಪೋರ್ಟಲ್‌ನ e-Proceedings ಒಳಗೆ ಹೊಂದಾಣಿಕೆಗೆ ಒಪ್ಪಿಗೆಯಿಲ್ಲ ಎಂದು ಆಯ್ದು, ಆ ಸ್ವೀಕೃತಿ, 10ಬಿಬಿಯ ಸಲ್ಲಿಕೆ ರಸೀದಿ ಮತ್ತು ಒಂದು ಪುಟದ ಉತ್ತರ ಲಗತ್ತಿಸಿದೆವು.

ಮನ್ನಾ ಅರ್ಜಿಯಲ್ಲಿ ತೂಕ ಬರುವುದು ದಿನಾಂಕಗಳ ಪಟ್ಟಿಗೆ. ಸೆಪ್ಟೆಂಬರ್ 22ರ ಠರಾವಿನ ಪ್ರತಿ, 28ರ ಯುಡಿಐಎನ್, ಅಕ್ಟೋಬರ್ 3ರ ಅಪ್‌ಲೋಡ್ ತೋರಿಸುವ ಪುಟ, ಹೆಸರು ತಿದ್ದುಪಡಿಯ ಅರ್ಜಿ ಮತ್ತು ರಸೀದಿ, ನವೆಂಬರ್ 8ರಿಂದ ಸಿಂಧುವಾಗುವ ಡಿಎಸ್‌ಸಿ ವಿವರ, 11ರ ಒಪ್ಪಿಗೆ ರಸೀದಿ. ಪ್ರತಿ ದಿನಾಂಕಕ್ಕೂ ಒಂದು ಕಾಗದ. 'ಅನಿವಾರ್ಯ ಕಾರಣಗಳಿಂದ' ಎಂದು ಬರೆದ ಅರ್ಜಿ ಬಿದ್ದುಹೋಗುವುದು ಇಲ್ಲಿಯೇ. ಆಡಿಟ್ ಅವಧಿಯೊಳಗೆ ಮುಗಿದಿತ್ತು, ಬಾಕಿ ಇದ್ದದ್ದು ಒಪ್ಪಿಗೆ ಮಾತ್ರ ಎಂಬುದು ಯುಡಿಐಎನ್‌ನಿಂದ ಸಾಬೀತಾಗುತ್ತದೆ. ಆಡಿಟ್ ಸಹಿಯೇ ಕೊನೆಯ ದಿನದ ನಂತರದ್ದಾಗಿದ್ದರೆ ಈ ವಾದ ನಿಲ್ಲುವುದಿಲ್ಲ, ಆಗ ಆಡಿಟ್ ತಡವಾದುದಕ್ಕೇ ಬೇರೆ ಕಾರಣ, ಬೇರೆ ದಾಖಲೆ ಬೇಕು.

ಉತ್ತರದಲ್ಲಿ ಪರ್ಯಾಯ ಲೆಕ್ಕವನ್ನೂ ಕೊಟ್ಟೆವು. ಬಹಳ ಟ್ರಸ್ಟ್‌ಗಳು ಇದನ್ನು ಬಿಟ್ಟುಬಿಡುತ್ತವೆ ಎಂಬುದು ನನಗೆ ಬೇಸರದ ಸಂಗತಿ. 42 ಲಕ್ಷದಲ್ಲಿ ಹಾಸ್ಟೆಲ್ ಖರ್ಚು 33 ಲಕ್ಷ, ಅಡುಗೆಮನೆ ಕಟ್ಟಡಕ್ಕೆ 4 ಲಕ್ಷ, ಒಟ್ಟು 37 ಲಕ್ಷ. ವಿನಾಯಿತಿಗಾಗಿ ಖರ್ಚಾಗಬೇಕಾದ ಶೇಕಡಾ 85 ಎಂದರೆ 35.7 ಲಕ್ಷ, ಅದನ್ನು ದಾಟಿರುವುದರಿಂದ ವಿನಾಯಿತಿ ಇದ್ದರೆ ತೆರಿಗೆಗೆ ಒಳಪಡುವ ಆದಾಯ ಸೊನ್ನೆ. ವಿನಾಯಿತಿ ಹೋದರೂ 42 ಲಕ್ಷ ಪೂರ್ತಿ ತೆರಿಗೆಗೆ ಬರಬಾರದು. ಆಡಿಟ್ ವರದಿಯ ಷರತ್ತು ಮುರಿದ ಟ್ರಸ್ಟಿಗೆ ಕಲಂ 13(10), ಉದ್ದೇಶಕ್ಕಾಗಿ ದೇಶದೊಳಗೆ ಮಾಡಿದ ಖರ್ಚನ್ನು ಕಳೆಯಲು ಬಿಡುತ್ತದೆ. ಬಂಡವಾಳ ವೆಚ್ಚ ಮಾತ್ರ ಕಳೆಯುವಂತಿಲ್ಲ. ಹಿಂದಿನ ಮೂಲನಿಧಿಯಾದ ಕಾರ್ಪಸ್‌ನಿಂದ ಅಥವಾ ಸಾಲದಿಂದ ಮಾಡಿದ ಖರ್ಚು, ಬೇರೆಯವರಿಗೆ ಕೊಟ್ಟ ದೇಣಿಗೆ ಕೂಡ ಸೇರುವುದಿಲ್ಲ. ಇಲ್ಲಿ ಅಂಥದ್ದು ಇರಲಿಲ್ಲ, ಆದ್ದರಿಂದ 42ರಲ್ಲಿ 33 ಕಳೆದು 9 ಲಕ್ಷ. ಮನ್ನಾ ಆದೇಶ ಬರುವ ಮೊದಲೇ ಸಂಸ್ಕರಣೆ ಮುಗಿದರೂ ತೆರಿಗೆ ಬೇಡಿಕೆ ಈ ಮಟ್ಟದಲ್ಲಿ ನಿಲ್ಲಬೇಕು ಎಂದು ಲಿಖಿತವಾಗಿ ದಾಖಲಾಗಿರಲಿ ಎಂಬುದು ಉದ್ದೇಶ.

ನವೀಕರಣದ ಪ್ರಶ್ನಾವಳಿಯ ಅಳತೆಗೋಲು ಬೇರೆ. ಅಲ್ಲಿ ನೋಡುವುದು ಚಟುವಟಿಕೆ ನಿಜವೇ, ಟ್ರಸ್ಟ್ ಡೀಡಿನ ಉದ್ದೇಶಕ್ಕೆ ಹೊಂದುತ್ತದೆಯೇ, ಬೇರೆ ಕಾನೂನುಗಳನ್ನು ಪಾಲಿಸಿದ್ದಾರೆಯೇ ಎಂದು. ನೋಂದಣಿ ರದ್ದುಪಡಿಸಲು ಕಾನೂನು ಹೇಳುವ ನಿರ್ದಿಷ್ಟ ಉಲ್ಲಂಘನೆಗಳ ಪಟ್ಟಿಯಲ್ಲಿ ಆಡಿಟ್ ವರದಿ ತಡವಾಗುವುದು ಇಲ್ಲ. ಆದ್ದರಿಂದ ವಿಳಂಬದ ವಿಷಯವನ್ನು ಮುಚ್ಚಿಡದೆ, ಮನ್ನಾ ಅರ್ಜಿಯ ಉಲ್ಲೇಖದೊಂದಿಗೆ ಎರಡು ಸಾಲಿನಲ್ಲಿ ಹೇಳಿ, ಉಳಿದ ಪುಟಗಳನ್ನೆಲ್ಲ ಹಾಸ್ಟೆಲ್‌ಗೆ ಕೊಟ್ಟೆವು. 33 ಲಕ್ಷವನ್ನು ಊಟಕ್ಕೆ 14.8, ಸಿಬ್ಬಂದಿ ಸಂಬಳಕ್ಕೆ 9.6, ಬಾಡಿಗೆಗೆ 4.2, ಪುಸ್ತಕ ಮತ್ತು ಶುಲ್ಕಕ್ಕೆ 3.1, ಆಡಳಿತಕ್ಕೆ 1.3 ಲಕ್ಷ ಎಂದು ಬಿಡಿಸಿ, ಪ್ರತಿಯೊಂದರ ಎದುರು ಡೀಡಿನ ಉದ್ದೇಶದ ಕ್ರಮಸಂಖ್ಯೆ ಮತ್ತು ಲೆಡ್ಜರ್ ಪುಟ ಬರೆದೆವು. ಮೂರು ವರ್ಷದ ಲೆಕ್ಕಪತ್ರ, ಮಕ್ಕಳ ಹಾಜರಿ ಪುಸ್ತಕದ ಪ್ರತಿ, ಬಾಡಿಗೆ ಕರಾರು ಜೊತೆಗಿದ್ದವು. ಫೋಟೋ ಕೊಡಿ ಎಂದರೆ ಉದ್ಘಾಟನೆಯ ಫೋಟೋ ಕಳಿಸುವವರೇ ಹೆಚ್ಚು. ಊಟದ ಕೋಣೆಯ ಫೋಟೋ ಸಾಕು.

ಎರಡು ಕಡತ ಒಂದಕ್ಕೊಂದು ಎದುರು ನಿಲ್ಲುವ ಅಪಾಯ ಒಂದೇ ಕಡೆ ಇತ್ತು. ಮನ್ನಾ ಅರ್ಜಿ ಮ್ಯಾನೇಜಿಂಗ್ ಟ್ರಸ್ಟಿ ಬದಲಾದ ಕಾರಣ ಹೇಳುತ್ತದೆ. ಆದರೆ 10ಎಬಿಯಲ್ಲಿ ತುಂಬಿದ ಟ್ರಸ್ಟಿಗಳ ಪಟ್ಟಿಯಲ್ಲಿ ಹಳಬರ ಹೆಸರೇ ಉಳಿದಿತ್ತು, ಹಿಂದಿನ ಅರ್ಜಿಯಿಂದ ನಕಲು ಮಾಡಿದ್ದು. ಅದೇ ಆಯುಕ್ತರ ಕಚೇರಿ ಎರಡನ್ನೂ ಓದುತ್ತದೆ. ಅವರು ಕೇಳುವ ಮೊದಲೇ ತಪ್ಪನ್ನು ಒಪ್ಪಿ, ಠರಾವಿನೊಂದಿಗೆ ಸರಿಯಾದ ಪಟ್ಟಿಯನ್ನು ಪ್ರಶ್ನಾವಳಿಯ ಉತ್ತರದಲ್ಲೇ ಕೊಟ್ಟೆವು. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನವೀಕರಣ ಪ್ರತ್ಯೇಕ ಅರ್ಜಿ. ಅಲ್ಲಿಯೂ ಇದೇ ಪಟ್ಟಿ ತಿದ್ದಬೇಕಾಯಿತು.

ಗಡುವುಗಳನ್ನು ಗೋಡೆಗೆ ಅಂಟಿಸಿಟ್ಟಿದ್ದೆವು. ಸೆಪ್ಟೆಂಬರ್‌ನಲ್ಲಿ ಬಂದ ನವೀಕರಣ ಅರ್ಜಿಗೆ ಆ ತ್ರೈಮಾಸಿಕ ಮುಗಿದ ಆರು ತಿಂಗಳೊಳಗೆ, ಅಂದರೆ 2026ರ ಮಾರ್ಚ್ 31ರೊಳಗೆ ಆದೇಶ ಆಗಬೇಕಿತ್ತು. ಆದಾಯ 5 ಕೋಟಿಯೊಳಗಿನ ಟ್ರಸ್ಟ್‌ಗಳಿಗೆ ಈಗ ಐದರ ಬದಲು ಹತ್ತು ವರ್ಷದ ನೋಂದಣಿ ಸಿಗುತ್ತದೆ. ಮನ್ನಾ ಅರ್ಜಿಯನ್ನು, ಅದು ಬಂದ ತಿಂಗಳು ಮುಗಿದ ಮೂರು ತಿಂಗಳಲ್ಲಿ ಸಾಧ್ಯವಾದಷ್ಟು ಇತ್ಯರ್ಥ ಮಾಡಬೇಕೆಂದು ಸುತ್ತೋಲೆ ಹೇಳುತ್ತದೆ. ನಡುವೆ ಬೇಡಿಕೆಯ ಆದೇಶ ಬಂದರೆ 30 ದಿನದೊಳಗೆ ಫಾರಂ 35ರಲ್ಲಿ ಮೇಲ್ಮನವಿ ಹಾಕಿಟ್ಟುಕೊಳ್ಳಬೇಕು, ಮನ್ನಾ ಬರುತ್ತದೆಂದು ಕಾದರೆ ಆ ಅವಧಿ ಜಾರುತ್ತದೆ. ಮನ್ನಾ ಆದೇಶ ತಾನಾಗಿ ಸಂಸ್ಕರಣಾ ಕೇಂದ್ರಕ್ಕೆ ಹೋಗಿ ಬೇಡಿಕೆ ಅಳಿಸುತ್ತದೆ ಎಂದುಕೊಂಡು ಸುಮ್ಮನಿರುವಂತಿಲ್ಲ. ಅದನ್ನು ಲಗತ್ತಿಸಿ ಕಲಂ 154ರಡಿ ತಿದ್ದುಪಡಿ ಕೋರಿ, ಪೋರ್ಟಲ್‌ನಲ್ಲಿ ಬಾಕಿ ಬೇಡಿಕೆ ಸೊನ್ನೆಯಾಗುವವರೆಗೆ ಬೆನ್ನು ಹತ್ತಬೇಕು.