ವಿಐಎ, ಎಚ್‌ಪಿವಿ, ಪ್ಯಾಪ್: ಮೂರು ರಿಪೋರ್ಟ್‌ಗಳನ್ನು ಒಟ್ಟಿಗೆ ಓದುವುದು ಹೇಗೆ?

ಮಳವಳ್ಳಿ ಕಡೆಯ 42 ವರ್ಷದ ಹೆಂಗಸೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ತಪಾಸಣೆ ಮಾಡಿ ‘ವಿಐಎ ನೆಗೆಟಿವ್’ ಎಂದರು. ಆಮೇಲೆ ಮೈಸೂರಿನ ತಂಗಿ ಒತ್ತಾಯ ಮಾಡಿ ಇನ್ನೆರಡು ಪರೀಕ್ಷೆ ಮಾಡಿಸಿದಳು. ಎಚ್‌ಪಿವಿ ಪಾಸಿಟಿವ್ ಬಂತು, ಪ್ಯಾಪ್ ನಾರ್ಮಲ್ ಬಂತು. ಯಾವುದನ್ನು ನಂಬೋದು?

ಮೂರನ್ನೂ ನಂಬಬಹುದು. ಮೂರೂ ಬೇರೆ ಬೇರೆ ಪ್ರಶ್ನೆ ಕೇಳುತ್ತವೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಎಚ್‌ಪಿವಿ ಎಂಬ ವೈರಸ್ ಇದೆಯಾ ಎಂದು ಎಚ್‌ಪಿವಿ ಪರೀಕ್ಷೆ ಹುಡುಕುತ್ತದೆ. ಜೀವಕೋಶದ ರೂಪ ಕೆಟ್ಟಿದೆಯಾ ಎಂದು ಪ್ಯಾಪ್ ನೋಡುತ್ತದೆ. ಕಣ್ಣಿಗೆ ಕಾಣುವ ಮಚ್ಚೆ ಇದೆಯಾ ಎನ್ನುವುದಷ್ಟೇ ವಿಐಎ ಕೆಲಸ.

ಹೋಗುವ ಮುಂಚೆ

ಮುಟ್ಟಿನ ದಿನಗಳು ಬೇಡ. ಹಿಂದಿನ ಎರಡು ದಿನ ಯೋನಿಯೊಳಗೆ ಇಡುವ ಮಾತ್ರೆ, ಕ್ರೀಮು ಬೇಡ, ಗಂಡನ ಜೊತೆ ಸೇರುವುದೂ ಬೇಡ. ಪ್ಯಾಪ್‌ಗೆ ಇದು ಮುಖ್ಯ. ಇಲ್ಲದಿದ್ದರೆ ‘ಮಾದರಿ ಸರಿಯಿಲ್ಲ’ ಎಂದು ರಿಪೋರ್ಟ್ ಬರಬಹುದು. ಹಾಗೆ ಬಂದರೆ ಅದು ನಾರ್ಮಲ್ಲೂ ಅಲ್ಲ, ಕಾಯಿಲೆಯೂ ಅಲ್ಲ. ಮತ್ತೆ ಮಾದರಿ ಕೊಡಬೇಕು, ಅಷ್ಟೆ.

ವಿಐಎ

ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು ಗರ್ಭಕಂಠ ಕಾಣುವಂತೆ ಮಾಡಿ, 3ರಿಂದ 5 ಶೇಕಡದ ಅಸೆಟಿಕ್ ಆಮ್ಲವನ್ನು ಹತ್ತಿಯಲ್ಲಿ ಹಚ್ಚುತ್ತಾರೆ. ವಿನೆಗರ್‌ನಲ್ಲಿ ಇರುವುದೂ ಇದೇ ಆಮ್ಲ. ಹಚ್ಚಿ ಒಂದು ನಿಮಿಷ ಕಾಯಬೇಕು. ಅವಸರದಲ್ಲಿ ತಪ್ಪು ಆಗುವುದು ಇಲ್ಲೇ. ಕೆಟ್ಟ ಜೀವಕೋಶಗಳಲ್ಲಿ ಪ್ರೋಟೀನ್ ಜಾಸ್ತಿ. ಆಮ್ಲ ತಾಗಿದಾಗ ಅದು ಹೆಪ್ಪುಗಟ್ಟಿ ಆ ಜಾಗ ಬಿಳಿಯಾಗುತ್ತದೆ.

ಬಿಳಿ ಕಂಡದ್ದೆಲ್ಲ ಪಾಸಿಟಿವ್ ಅಲ್ಲ. ಗರ್ಭಕಂಠದ ಹೊರಪದರ ಮತ್ತು ಒಳಪದರ ಸೇರುವ ಗೆರೆಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿ ಮಚ್ಚೆಯೇ ಪಾಸಿಟಿವ್. ಸೋಂಕು, ಉರಿಯೂತ ಇದ್ದಾಗಲೂ ತೆಳುವಾಗಿ, ಚದುರಿದಂತೆ ಬಿಳಿ ಕಾಣುತ್ತದೆ. ಮುಟ್ಟು ನಿಂತವರಲ್ಲಿ ಆ ಗೆರೆ ಒಳಗೆ ಸರಿದುಹೋಗಿರುತ್ತದೆ. ಹಾಗಾಗಿ 58 ವರ್ಷದವರ ‘ವಿಐಎ ನೆಗೆಟಿವ್’ ಚೀಟಿಗೆ ಹೆಚ್ಚು ಬೆಲೆ ಕೊಡಬೇಡಿ. ಅವರಿಗೆ ಎಚ್‌ಪಿವಿ ಪರೀಕ್ಷೆಯೇ ವಾಸಿ.

ಎಚ್‌ಪಿವಿ ಮತ್ತು ಪ್ಯಾಪ್

ಎರಡಕ್ಕೂ ಸಣ್ಣ ಬ್ರಷ್‌ನಿಂದ ಮಾದರಿ ತೆಗೆಯುತ್ತಾರೆ. ಎಚ್‌ಪಿವಿ ರಿಪೋರ್ಟ್‌ನಲ್ಲಿ ‘ಪಾಸಿಟಿವ್’ ಪದಕ್ಕಿಂತ, ಯಾವ ಬಗೆಯ ವೈರಸ್ ಎಂದು ಹೇಳುವ ಮುಂದಿನ ಸಾಲು ಮುಖ್ಯ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಕ್ಕೆ 16 ಮತ್ತು 18ನೇ ಬಗೆಯ ವೈರಸ್ ಕಾರಣ. ಅವು ಕಂಡರೆ ಪ್ಯಾಪ್ ನಾರ್ಮಲ್ ಇದ್ದರೂ ನೇರವಾಗಿ ಕಾಲ್ಪೊಸ್ಕೋಪಿ, ಅಂದರೆ ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡುವ ಪರೀಕ್ಷೆ, ಮಾಡಿಸಬೇಕು.

ನಮ್ಮ ಹೆಂಗಸಿನ ರಿಪೋರ್ಟ್‌ನಲ್ಲಿ 16, 18 ಇಲ್ಲ. ‘ಇತರ ಹೈ ರಿಸ್ಕ್’ ಇದೆ, ಅಂದರೆ ಹೆಚ್ಚು ಅಪಾಯದ ಬೇರೆ ಬಗೆ. ಪ್ಯಾಪ್‌ನಲ್ಲಿ ‘ಎನ್‌ಐಎಲ್‌ಎಂ’ ಎಂದಿದೆ, ಅಂದರೆ ಜೀವಕೋಶಗಳಲ್ಲಿ ಕೆಟ್ಟ ಬದಲಾವಣೆ ಕಾಣಲಿಲ್ಲ. ಅಂದರೆ ವೈರಸ್ ಬಂದಿದೆ, ಹಾನಿ ಕಂಡಿಲ್ಲ. ಇಂಥ ಸೋಂಕು ಬಹುಪಾಲು ಜನರಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಇವರು ಒಂದು ವರ್ಷ ಬಿಟ್ಟು ಮತ್ತೆ ಎಚ್‌ಪಿವಿ ಮಾಡಿಸಬೇಕು. ಆಗಲೂ ಪಾಸಿಟಿವ್ ಬಂದರೆ, ವೈರಸ್ ಬೇರೂರಿದೆ ಎಂದು ಕಾಲ್ಪೊಸ್ಕೋಪಿಗೆ ಕಳಿಸುತ್ತಾರೆ.

ಅದೇ ಪ್ಯಾಪ್‌ನಲ್ಲಿ ‘ಎಎಸ್‌ಸಿ-ಯುಎಸ್’ ಎಂದಿದ್ದರೆ? ಜೀವಕೋಶಗಳು ಸ್ವಲ್ಪ ಅನುಮಾನಕ್ಕೆ ಎಡೆಮಾಡಿವೆ ಎಂದರ್ಥ. ಎಚ್‌ಪಿವಿಯೂ ಪಾಸಿಟಿವ್ ಇರುವುದರಿಂದ ವರ್ಷ ಕಾಯದೆ ಕಾಲ್ಪೊಸ್ಕೋಪಿ. ‘ಎಚ್‌ಎಸ್‌ಐಎಲ್’, ಅಂದರೆ ಜೀವಕೋಶಗಳಲ್ಲಿ ತೀವ್ರ ಬದಲಾವಣೆ, ಎಂದಿದ್ದರೆ ಇನ್ನೂ ಬೇಗ. ಇದ್ಯಾವುದೂ ಕ್ಯಾನ್ಸರ್ ಎಂಬ ತೀರ್ಪಲ್ಲ. ಅದನ್ನು ಹೇಳುವುದು ಅಲ್ಲಿಂದ ತೆಗೆಯುವ ಚೂರಿನ ಬಯಾಪ್ಸಿ ಮಾತ್ರ.

ಮನೆಯಲ್ಲಿ ಜಗಳಕ್ಕೆ ಕಾರಣವಾಗುವ ವಿಷಯವೊಂದಿದೆ. ಎಚ್‌ಪಿವಿ ಎಷ್ಟೋ ವರ್ಷ ಸುಮ್ನೆ ಅಡಗಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಯಾವ ರಿಪೋರ್ಟೂ ಹೇಳುವುದಿಲ್ಲ. ಗಂಡನ ಮೇಲಾಗಲಿ, ಹೆಂಡತಿಯ ಮೇಲಾಗಲಿ ಅನುಮಾನ ಪಡಲು ಅದು ಸಾಕ್ಷಿಯಲ್ಲ.

ಚಿಕಿತ್ಸೆ ಬೇಕಾದರೆ

ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಎಷ್ಟಿದೆ ಎಂದು ಬಯಾಪ್ಸಿಯಲ್ಲಿ ‘ಸಿಐಎನ್’ 1, 2, 3 ಎಂದು ಬರೆಯುತ್ತಾರೆ. 1 ಬಂದರೆ ಹೆಚ್ಚಾಗಿ ಕಾದು ನೋಡುತ್ತಾರೆ. 2 ಅಥವಾ 3 ಬಂದರೆ ಆ ಜಾಗವನ್ನು ಬಿಸಿಯಿಂದ ಸುಡುತ್ತಾರೆ, ಇಲ್ಲವೇ ತಂತಿಯ ಸುರುಳಿಯಿಂದ ಕತ್ತರಿಸಿ ತೆಗೆಯುತ್ತಾರೆ. ಬರೀ ವಿಐಎ ಪಾಸಿಟಿವ್ ಎಂದೋ, ಬಿಳಿ ಹೋಗುತ್ತದೆ ಎಂದೋ ಗರ್ಭಕೋಶವನ್ನೇ ತೆಗೆಸಿ ಎಂದು ಯಾರಾದರೂ ಹೇಳಿದರೆ, ಬಯಾಪ್ಸಿ ರಿಪೋರ್ಟ್ ಎಲ್ಲಿ ಎಂದು ಕೇಳಿ. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬಹುದು.

ಈ ಲೆಕ್ಕವೆಲ್ಲ ತೊಂದರೆ ಇಲ್ಲದ ಹೆಂಗಸರಿಗೆ. ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಮಾಡುತ್ತಾರೆ. ಎಚ್‌ಐವಿ ಇದ್ದವರು ಇನ್ನೂ ಬೇಗ ಶುರುಮಾಡಬೇಕು, ಪದೇಪದೇ ಮಾಡಿಸಬೇಕು. ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ಅಥವಾ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಕಳೆದ ತಿಂಗಳ ರಿಪೋರ್ಟ್ ನಾರ್ಮಲ್ ಇದ್ದರೂ ನೇರವಾಗಿ ಸ್ತ್ರೀರೋಗ ವೈದ್ಯರ ಹತ್ತಿರ ಹೋಗಿ.