ಊರಿಗೆ ಮರಳುವ ಯುವಕರಿಗೆ ಪಂಚಾಯಿತಿ ಅಧ್ಯಕ್ಷರು ಪತ್ರ ಬರೆಯುವುದು ಹೇಗೆ?

ಕಲಬುರಗಿ ಜಿಲ್ಲೆಯ ಹಳ್ಳಿಯಿಂದ ಬೆಂಗಳೂರು, ಮುಂಬೈಗೆ ಗುಳೆ ಹೋದವರಿಗೆ ‘ಊರಿಗೆ ಬನ್ನಿ, ಪಂಚಾಯಿತಿ ನಿಮ್ಮ ಜೊತೆಗಿದೆ’ ಎಂದಷ್ಟೇ ಬರೆದರೆ ಯಾರೂ ಬಸ್ ಹತ್ತುವುದಿಲ್ಲ. ಹತ್ತು ಉದ್ಯೋಗ ಪಟ್ಟಿ ಮಾಡುವುದಕ್ಕಿಂತ ಒಂದನ್ನೇ ಹಿಡಿದು ಪೂರ್ತಿ ಲೆಕ್ಕ ಕೊಡಿ. ತೊಗರಿ ಬೆಳೆಯುವ ಊರಿಗೆ ಸಣ್ಣ ಬೇಳೆ ಮಿಲ್ ಹೊಂದುತ್ತದೆ.

ಬರೆಯುವ ಮೊದಲು ಜಾಗದ ಮಾತು ಮುಗಿಸಿ. ಖಾಲಿ ಬಿದ್ದ ಪಂಚಾಯಿತಿ ಕಟ್ಟಡ ಕೊಡುವುದಾದರೆ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ನಿಯಮದ ಪ್ರಕಾರ ಬಾಡಿಗೆ ಕರಾರಾಗಲಿ. ಕರಾರಿನ ಅವಧಿ ಸಾಲದ ಅವಧಿಗಿಂತ ಕಡಿಮೆಯಿದ್ದರೆ ಬ್ಯಾಂಕಿನವರು ಹಿಂದೆ ಸರಿಯುತ್ತಾರೆ. ಅಲ್ಲಿಗೆ ತ್ರೀ ಫೇಸ್ ಕರೆಂಟ್ ಬರುತ್ತದೆಯೇ ಎಂದು ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಆಮೇಲೆ ಹಣದ ಲೆಕ್ಕ. ಕಿರು ಆಹಾರ ಸಂಸ್ಕರಣೆಗೆ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ 35 ಮತ್ತು ರಾಜ್ಯದ 15 ಸೇರಿ ಶೇ 50 ಸಹಾಯಧನವಿದೆ. ಅರ್ಜಿ ಈಗಲೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಖಚಿತವಾದ ಮೇಲಷ್ಟೇ ಪತ್ರದಲ್ಲಿ ಸೇರಿಸಿ. ಜನ ಎಡವುವುದು ಇಲ್ಲೇ: ಸಹಾಯಧನ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕುಳಿತು, ಕಂತು ಸರಿಯಾಗಿ ಕಟ್ಟಿದರೆ ಮೂರು ವರ್ಷದ ನಂತರ ಸಾಲಕ್ಕೆ ವಜಾ ಆಗುತ್ತದೆ. ಹಾಗಾಗಿ ಪತ್ರದಲ್ಲಿ ಹೀಗೆ ಬರೆಯಿರಿ:

‘ತಮ್ಮಂದಿರೇ, ತಂಗಿಯರೇ, 10 ಲಕ್ಷದ ಮಿಲ್ಲಿಗೆ ನಿಮ್ಮ ಕೈಯಿಂದ 1 ಲಕ್ಷ ಬೇಕು. 9 ಲಕ್ಷ ಬ್ಯಾಂಕ್ ಸಾಲ. ಅದರಲ್ಲಿ 5 ಲಕ್ಷದವರೆಗೆ ಮುಂದೆ ಸಹಾಯಧನದಿಂದ ತೀರಬಹುದು. ಸಾಲ ಕೊಡುವುದು, ಬಿಡುವುದು ಬ್ಯಾಂಕಿನ ಕೈಯಲ್ಲಿದೆ. ಪಂಚಾಯಿತಿ ಕೊಡುವುದು ಜಾಗ, ಲೈಸೆನ್ಸ್, ಠರಾವಿನ ಪ್ರತಿ. ಸಾಲಕ್ಕೆ ಜಾಮೀನು ನಿಲ್ಲಲು ನಮಗೆ ಬರುವುದಿಲ್ಲ.’

ಆ ಕೊನೆಯ ಸಾಲು ಬರೆಯಲು ಕೈ ಬರುವುದಿಲ್ಲ, ಆದರೂ ಬಿಡಬೇಡಿ. ಅದನ್ನು ಮೊದಲೇ ಹೇಳದಿದ್ದರೆ ಮುಂದೆ ಜಗಳ ಹುಟ್ಟುತ್ತದೆ.

ಸಣ್ಣ ಮಿಲ್ಲುಗಳು ನಿಲ್ಲುವುದು ಹೆಚ್ಚಾಗಿ ತೊಗರಿ ಕೊಳ್ಳಲು ದುಡ್ಡಿಲ್ಲದೆ. ದಿನಕ್ಕೆ 5 ಕ್ವಿಂಟಲ್ ಒಡೆದರೆ, ಕ್ವಿಂಟಲ್‌ಗೆ 8,000 ರೂಪಾಯಿ ಹಿಡಿದರೂ ದಿನಕ್ಕೆ 40,000. ಬೇಳೆ ಮಾರಿ ದುಡ್ಡು ಬರಲು ಹತ್ತು ದಿನವಾದರೆ 4 ಲಕ್ಷ ಸಿಕ್ಕಿಬಿದ್ದಿರುತ್ತದೆ, ಅದಕ್ಕೆ ಸಹಾಯಧನವೂ ಇಲ್ಲ. ಆದ್ದರಿಂದ ಮೊದಲ ವರ್ಷ ರೈತರ ತೊಗರಿಯನ್ನೇ ಕೂಲಿಗೆ ಒಡೆದುಕೊಡುವಂತೆ ಸೂಚಿಸಿ. ಕ್ವಿಂಟಲ್ ತೊಗರಿಗೆ ಸುಮಾರು 70 ಕಿಲೊ ಬೇಳೆ ಬರಬೇಕು. ನುಚ್ಚು ಹೆಚ್ಚು ಬಂತೆಂದರೆ ಕಾಳಿಗೆ ಎಣ್ಣೆ ಸವರಿ ಒಣಗಿಸುವುದರಲ್ಲಿ ಅವಸರವಾಗಿದೆ ಎಂದು ಅನುಮಾನಿಸಿ.

ಪತ್ರ ನಾಗರ ಪಂಚಮಿಗೆ ಊರಿಗೆ ಬಂದವರ ಕೈಗೆ ಸಿಗಲಿ. ಸಾಲ, ಮೀಟರ್, ಯಂತ್ರ ಎಂದು ತಿಂಗಳುಗಳು ಹಿಡಿಯುತ್ತವೆ, ತೊಗರಿ ರಾಶಿ ಡಿಸೆಂಬರ್‌ಗೇ ಶುರು. ಕೊನೆಗೆ ಪಿಡಿಒ ಅವರ ಫೋನ್ ನಂಬರ್, ಅರ್ಜಿ ಕೊಡಬೇಕಾದ ಕೊನೆಯ ದಿನ ಬರೆದು ಸಹಿ ಮಾಡಿ.