ದೂರ, ದಿಕ್ಕು ಗೊತ್ತಿದ್ದರೆ ತಲುಪುವ ಬಿಂದು ಎಲ್ಲಿ?

ಒಂದು ಬಿಂದುವಿನಿಂದ ಇಂತಿಷ್ಟು ದೂರ, ಇಂಥ ದಿಕ್ಕಿನಲ್ಲಿ ಹೊರಟರೆ ಎಲ್ಲಿ ಮುಟ್ಟುತ್ತೇವೆ? ಇದಕ್ಕೆ ನಾನು ಬರೆದ ಮೊದಲ ಪ್ರೋಗ್ರಾಮ್ ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಗೋಳವೆಂದು ಭಾವಿಸಿತ್ತು. ಬಂದ ಉತ್ತರದಿಂದ ಮತ್ತೆ ದೂರ, ದಿಕ್ಕು ಲೆಕ್ಕ ಹಾಕಿದಾಗ ಮೊದಲಿನ ಸಂಖ್ಯೆಗಳೇ ಸಿಕ್ಕವು. ಎಲ್ಲವೂ ಸರಿ ಎಂದುಕೊಂಡೆ.

ಆಮೇಲೆ ಉತ್ತರ ಮೊದಲೇ ಗೊತ್ತಿರುವ ಜೋಡಿಯೊಂದನ್ನು ಹಿಡಿದೆ: ಆಸ್ಟ್ರೇಲಿಯಾದ ಫ್ಲಿಂಡರ್ಸ್ ಪೀಕ್‌ನಿಂದ ಬುನಿನ್ಯಾಂಗ್. ಹೊರಡುವ ಅಕ್ಷಾಂಶ −37°57′03.7203″, ರೇಖಾಂಶ 144°25′29.5244″. ದಿಕ್ಕು ಉತ್ತರದಿಂದ ಪ್ರದಕ್ಷಿಣವಾಗಿ 306°52′05.37″, ದೂರ 54,972.271 ಮೀಟರ್.

ನನ್ನ ಉತ್ತರ 200 ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ ಸರಿದಿತ್ತು. −37 ಡಿಗ್ರಿಗೆ 57 ನಿಮಿಷವನ್ನು ಕಳೆಯುವ ಬದಲು ಕೂಡಿಸಿದ್ದರಿಂದ ಹೊರಡುವ ಬಿಂದುವೇ −36.05 ಆಗಿತ್ತು. ಹಿಂದಿರುಗಿಸಿ ನೋಡುವ ಪರೀಕ್ಷೆ ಇದನ್ನು ಎಂದೂ ಹಿಡಿಯದು, ಏಕೆಂದರೆ ತಪ್ಪು ಬಿಂದುವಿನಿಂದ ಹೋಗಿ ತಪ್ಪು ಬಿಂದುವಿಗೇ ಮರಳಿದರೂ ಲೆಕ್ಕ ಕೂಡಿಬರುತ್ತದೆ. ಕರ್ನಾಟಕದ ಅಕ್ಷಾಂಶಗಳೆಲ್ಲ ಧನಾತ್ಮಕ. ಇಲ್ಲಿನ ಬಿಂದುಗಳಿಂದಷ್ಟೇ ಪರೀಕ್ಷಿಸಿದ್ದರೆ ಈ ದೋಷ ಕಾಣುತ್ತಲೇ ಇರಲಿಲ್ಲ.

ಚಿಹ್ನೆ ಸರಿಪಡಿಸಿದ ಮೇಲೂ ಸುಮಾರು 120 ಮೀಟರ್ ವ್ಯತ್ಯಾಸ ಉಳಿಯಿತು. ಇದು ಗೋಳದ ತಪ್ಪು. ಧ್ರುವಗಳ ಬಳಿ ಚಪ್ಪಟೆಯಾದ ಎಲಿಪ್ಸಾಯ್ಡ್‌ನಲ್ಲಿ ಆ ಅಕ್ಷಾಂಶದ ಬಾಗು ಉತ್ತರ–ದಕ್ಷಿಣಕ್ಕೆ ಒಂದು ಬಗೆ, ಪೂರ್ವ–ಪಶ್ಚಿಮಕ್ಕೆ ಇನ್ನೊಂದು ಬಗೆ. ಒಂದೇ ತ್ರಿಜ್ಯ ಎರಡಕ್ಕೂ ಹೊಂದುವುದಿಲ್ಲ.

ಹಾಗಾಗಿ ಭೂಮಾಪನ ತಜ್ಞ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದ ವಿಧಾನವನ್ನು ಕೈಯಾರೆ ಬರೆದೆ. ಅದು ಎಲಿಪ್ಸಾಯ್ಡ್ ಮೇಲಿನ ಹಾದಿಯನ್ನು ಒಂದು ಸಹಾಯಕ ಗೋಳದ ಮೇಲೆ ಕೂರಿಸುತ್ತದೆ. ಆ ಗೋಳದ ಮೇಲಿನ ಕಂಸದ ಕೋನವನ್ನು ಮೊದಲು ಅಂದಾಜು ಮಾಡಿ, ತಿದ್ದುಪಡಿ ಸೇರಿಸಿ, ಬೆಲೆ ಬದಲಾಗದೆ ನಿಲ್ಲುವವರೆಗೂ ತಿದ್ದುತ್ತಾ ಹೋಗಬೇಕು. ಕೆಲವೇ ಸುತ್ತುಗಳಲ್ಲಿ ನಿಂತಿತು, ಉತ್ತರ −37°39′10.1561″, 143°55′35.3839″. ಪ್ರಕಟಿತ ಬೆಲೆಗೆ ಸರಿಯಾಗಿ ಹೊಂದಿತು. ಆ ಕ್ಷಣದ ಸಂತೋಷ ಇನ್ನೂ ನೆನಪಿದೆ.

ಈಗ ದಿನನಿತ್ಯದ ಕೆಲಸಕ್ಕೆ pyproj ಎಂಬ ಪೈಥಾನ್ ಲೈಬ್ರರಿಯ ಇಷ್ಟು ಸಾಲು ಸಾಕು, GRS80 ಅಂದರೆ ಲೆಕ್ಕಕ್ಕೆ ಬಳಸುವ ಎಲಿಪ್ಸಾಯ್ಡ್‌ನ ಹೆಸರು:

```python
from pyproj import Geod
g = Geod(ellps="GRS80")
lon, lat, back = g.fwd(144.424867889, -37.951033417,
                       306.868158333, 54972.271)
```

ಇಲ್ಲಿ ರೇಖಾಂಶವೇ ಮೊದಲು. ಅದಲುಬದಲಾದರೆ 144 ಅಕ್ಷಾಂಶವಾಗಲಾರದ್ದರಿಂದ ತಪ್ಪು ಕೂಡಲೇ ಬಯಲಾಗುತ್ತದೆ. ಬೆಂಗಳೂರಿನ 12.97, 77.59 ಹಾಗಲ್ಲ, ಅದಲುಬದಲಾದರೂ ಅದು ಒಪ್ಪುವ ಬಿಂದುವೇ, ಸ್ವಾಲ್ಬಾರ್ಡ್ ಪಕ್ಕದ ಸಮುದ್ರದಲ್ಲಿ.

`back` ಎಂಬುದು ಬುನಿನ್ಯಾಂಗ್‌ನಿಂದ ಹಿಂದಿರುಗುವ ದಿಕ್ಕು, 127.1736. ಅದೇ ಹಾದಿಯಲ್ಲಿ ಮುಂದುವರಿಯಬೇಕಾದರೆ ಅದಕ್ಕೆ 180 ಕೂಡಿಸಿ 307.1736 ಎಂದು ಕೊಡುತ್ತೇನೆ. ಹಳೆಯ 306.868ನ್ನೇ ಮತ್ತೆ ಕೊಟ್ಟರೆ, ಇನ್ನೊಂದು 55 ಕಿ.ಮೀ. ಕಳೆಯುವಷ್ಟರಲ್ಲಿ ಸುಮಾರು 290 ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ.